ಗೀರು ಬಿದ್ದ ಪೇಮೆಂಟ್ ಕೋಡ್: ಯಾವಾಗ ಓದುತ್ತದೆ, ಯಾವಾಗ ಕೈಕೊಡುತ್ತದೆ

ನನ್ನದು ಡಿಟಿಪಿ, ಲ್ಯಾಮಿನೇಶನ್, ಸ್ಟಿಕ್ಕರ್ ಮಾಡುವ ಸಣ್ಣ ಅಂಗಡಿ. ಎದುರಿಗೆ ಒಬ್ಬ ಅಕ್ಕನ ತಿಂಡಿ ಗಾಡಿ ಇದೆ. ಒಂದು ದಿನ ಅವರು ಯುಪಿಐ ಕ್ಯೂಆರ್ ಸ್ಟಿಕ್ಕರ್ ಅಂಟಿಸಿದ್ದ ಹಲಗೆಯನ್ನೇ ಕಿತ್ತುಕೊಂಡು ಬಂದರು. "ಅಣ್ಣ, ಸ್ಟೀಲ್ ನಾರಿನಲ್ಲಿ ಉಜ್ಜಿ ಎರಡು ತಿಂಗಳಾಯ್ತು. ಅವತ್ತಿಂದ ನಿನ್ನೆವರೆಗೂ ಚೆನ್ನಾಗೇ ಬರ್ತಿತ್ತು. ಇವತ್ತು ಯಾರ ಫೋನಲ್ಲೂ ಬರ್ತಿಲ್ಲ. ಇವತ್ತೇನೂ ನಾನು ಮುಟ್ಟೇ ಇಲ್ಲ" ಅಂದರು.

ಎರಡು ತಿಂಗಳು ಗೀರಿನ ಜೊತೆಗೇ ಓದಿದ ಕೋಡು ಒಂದೇ ದಿನ ಯಾಕೆ ನಿಂತಿತು? ಇದಕ್ಕೆ ಉತ್ತರ ಗೊತ್ತಾದರೆ ಹಾಳಾದ ಕೋಡನ್ನು ಪರೀಕ್ಷಿಸುವ ದಾರಿಯೂ ಗೊತ್ತಾಗುತ್ತದೆ. ಖರ್ಚಿಲ್ಲದ ಪರೀಕ್ಷೆಯಿಂದಲೇ ಶುರು ಮಾಡೋಣ.

## ಫೋನ್ ಹಿಡಿದರೆ ಏನೂ ಆಗುವುದಿಲ್ಲ, ಕೋಡ್ ಇದೆ ಅಂತಲೇ ಅದಕ್ಕೆ ಗೊತ್ತಾಗುತ್ತಿಲ್ಲ

ಮೊದಲು ಫೋನಿನ ಕ್ಯಾಮೆರಾ ಗಾಜನ್ನು ಅಂಗಿಯ ತುದಿಯಿಂದ ಒರೆಸಿ. ನಗಬೇಡಿ, ನನ್ನ ಹತ್ತಿರ ಬರುವ ದೂರುಗಳಲ್ಲಿ ಎಷ್ಟೋ ಅಲ್ಲೇ ಮುಗಿಯುತ್ತವೆ. ಬೆರಳಿನ ಜಿಡ್ಡು ಕೂತ ಗಾಜಿನಲ್ಲಿ ಕಪ್ಪು ಬಿಳುಪಿನ ಅಂಚುಗಳೆಲ್ಲ ಕಲಸಿಹೋಗುತ್ತವೆ.

ಆಮೇಲೆ ಫೋನನ್ನು ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಅಕ್ರಿಲಿಕ್ ಸ್ಟ್ಯಾಂಡ್ ಅಥವಾ ಹೊಳೆಯುವ ಲ್ಯಾಮಿನೇಶನ್ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಕೋಡಿನ ಮೇಲೊಂದು ಬಿಳಿ ಪಟ್ಟೆ ಮೂಡುತ್ತದೆ. ಓರೆ ಮಾಡಿದ ಕೂಡಲೇ ಓದಿತು ಅಂದರೆ ಕೋಡಿನ ತಪ್ಪೇನಿಲ್ಲ, ಸ್ಟ್ಯಾಂಡಿನ ದಿಕ್ಕು ಬದಲಿಸಿ ಸಾಕು.

ಮೂರನೆಯದು, ಕೋಡನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಜಿಡ್ಡು ಜಾಸ್ತಿ ಇದ್ದರೆ ಒಂದು ಹನಿ ಪಾತ್ರೆ ಸೋಪು. ಥಿನ್ನರ್, ಪೆಟ್ರೋಲ್, ಸ್ಪಿರಿಟ್ ಬೇಡ. ಸ್ಟಿಕ್ಕರಿನ ಮಸಿಯೇ ಕರಗಿ ಹರಡಿಬಿಡಬಹುದು. ಉರಿಯುವ ಒಲೆಯ ಪಕ್ಕದಲ್ಲಂತೂ ಇವುಗಳ ಬಾಟಲಿ ತೆರೆಯಲೇಬಾರದು.

ಇಷ್ಟಾದರೂ ಫೋನ್ ಸುಮ್ನೆ ಇದ್ದರೆ ಕೋಡಿನ ಮೂಲೆಗಳನ್ನು ನೋಡಿ. ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿವೆ, ಅಲ್ವಾ? ಫೋನ್ ಮೊದಲು ಹುಡುಕುವುದು ಅವನ್ನೇ. ಚೌಕದ ನಡುವೆ ಯಾವ ದಿಕ್ಕಿನಲ್ಲಿ ಗೆರೆ ಎಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಅನ್ನುವುದು 1:1:3:1:1 ಅಳತೆಯಲ್ಲೇ ಸಿಗುತ್ತದೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹರಾ ಅವರ ತಂಡ ಈ ಕೋಡನ್ನು ರೂಪಿಸಿದಾಗ, ಅಚ್ಚಾದ ಕಾಗದಗಳಲ್ಲಿ ತೀರ ಅಪರೂಪವಾಗಿ ಕಾಣುವ ಅಳತೆ ಯಾವುದು ಎಂದು ಹುಡುಕಿ ಇದನ್ನು ಆರಿಸಿಕೊಂಡರು. ಸುತ್ತಲಿನ ಬರಹವನ್ನು ಫೋನ್ ಕೋಡು ಎಂದುಕೊಳ್ಳದಿರಲಿ ಅಂತ.

ಇಲ್ಲೊಂದು ಮಾತು ನೆನಪಿಡಿ. ಮುಂದೆ ಹೇಳುವ ತಪ್ಪು ತಿದ್ದುವ ವ್ಯವಸ್ಥೆ ಈ ಮೂಲೆ ಚೌಕಗಳಿಗೆ ಇಲ್ಲ. ಕೂದಲೆಳೆ ಗೀರಾದರೆ ಪರವಾಗಿಲ್ಲ, ಫೋನ್ ಬೇರೆ ಗೆರೆಯಲ್ಲಿ ಅದೇ ಅಳತೆ ಹಿಡಿಯಬಹುದು. ಆದರೆ ಒಂದು ಮೂಲೆ ಬೆರಳಗಲ ಕಿತ್ತುಹೋದರೆ, ಉಳಿದದ್ದೆಲ್ಲ ಹೊಸದರಂತಿದ್ದರೂ ಫೋನಿಗೆ ಕೋಡು ಕಾಣುವುದು ಕಷ್ಟ. ಕೋಡಿನ ಸುತ್ತಲಿನ ಖಾಲಿ ಬಿಳಿ ಅಂಚಿನ ಕಥೆಯೂ ಇದೇ. ಅಂಚಿಗೇ ಬಣ್ಣದ ಟೇಪು ಸುತ್ತಿದ್ದರೆ ಮೊದಲು ಅದನ್ನು ಬಿಡಿಸಿ.

ಮೂಲೆ ಹೋಗಿದ್ದರೆ ಇನ್ನು ತಲೆ ಕೆಡಿಸಿಕೊಳ್ಳಬೇಡಿ. ಸೀದಾ ಹೊಸ ಪ್ರಿಂಟಿನ ಭಾಗಕ್ಕೆ ಹೋಗಿ.

## ಗೀರು, ಕಲೆ ಎದ್ದು ಕಾಣುತ್ತಿವೆ, ಆದರೂ ಓದುತ್ತಿದೆ

ಇದು ದೋಷವೇ ಅಲ್ಲವಲ್ಲ ಅನ್ನಬಹುದು. ಆದರೆ ಅಕ್ಕನ ಕೋಡಿನ ಗುಟ್ಟು ಇಲ್ಲೇ ಇದೆ.

ಚೌಕಾಬಾರದ ಮಣೆಯಂತೆ ಕೋಡಿನ ಒಂದೊಂದು ಸಣ್ಣ ಚೌಕವನ್ನು ಮನೆ ಅನ್ನೋಣ. ಫೋನ್ ಪ್ರತಿ ಮನೆಯ ನಡುಭಾಗವನ್ನು ನೋಡಿ ಕಪ್ಪೋ ಬಿಳಿಯೋ ಎಂದು ತೀರ್ಮಾನಿಸುತ್ತದೆ. ಮನೆಯ ಅಗಲ 3 ಮಿಲಿಮೀಟರ್ ಇದ್ದು ಗೀರು ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚಿನ ಕಡೆ ಅದು ನಡುಭಾಗವನ್ನು ಮುಟ್ಟುವುದೇ ಇಲ್ಲ. ಅರಿಶಿನದ ಕಲೆ ನಮ್ಮ ಕಣ್ಣಿಗೆ ರಾಚುತ್ತದೆ, ಆದರೆ ಬೆಳಕಿನ ಲೆಕ್ಕದಲ್ಲಿ ಹಳದಿ ಬಿಳಿಗೇ ಹತ್ತಿರ. ಸುತ್ತಲಿನ ಭಾಗಕ್ಕೆ ಹೋಲಿಸಿಯೇ ಕಪ್ಪು ಬಿಳಿ ನಿರ್ಧರಿಸುವುದರಿಂದ ತೆಳು ಕೊಳೆಯೂ ಅಡ್ಡಿ ಮಾಡುವುದಿಲ್ಲ. ಇನ್ನೊಂದು ಸಮಾಧಾನವಿದೆ. ಮಸಿ ಕಿತ್ತು ಬಿಳಿಯಾದ ಜಾಗದಲ್ಲಿ ಮೊದಲೇ ಬಿಳಿಯಿದ್ದ ಮನೆಗಳಿಗೆ ಏನೂ ಆಗಿಲ್ಲ. ಹಾಳಾಗಿದ್ದು ಕಪ್ಪು ಮನೆಗಳು ಮಾತ್ರ, ಅಂದರೆ ಸುಮಾರು ಅರ್ಧ.

ಇಷ್ಟನ್ನೂ ದಾಟಿ ನಿಜವಾಗಿ ತಪ್ಪಾಗಿ ಓದಿಬಂದ ಮನೆಗಳಿಗೆ ತಪ್ಪು ತಿದ್ದುವ ಲೆಕ್ಕ ಬೇಕಾಗುತ್ತದೆ. ಇದನ್ನು 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲಮನ್ ಎಂಬ ಇಬ್ಬರು ಅಮೆರಿಕನ್ನರು ಪ್ರಕಟಿಸಿದರು. ಗೀರು ಬಿದ್ದ ಹಾಡಿನ ಸಿಡಿಗಳು ಓಡುತ್ತಿದ್ದದ್ದೂ ಇದರ ದಯೆಯಿಂದಲೇ. ಕ್ಯೂಆರ್ ಮೊದಲು ಬಳಕೆಗೆ ಬಂದದ್ದು ಕಾರಿನ ಬಿಡಿಭಾಗಗಳ ಕಾರ್ಖಾನೆಗೆ. ಎಣ್ಣೆ, ಮಸಿ ಮೆತ್ತುವುದು ಅಲ್ಲಿ ದಿನನಿತ್ಯದ್ದು. ಹಾಗಾಗಿ ಈ ಲೆಕ್ಕ ಮೊದಲ ದಿನದಿಂದಲೇ ಕೋಡಿನೊಳಗೆ ಸೇರಿತ್ತು.

ಇದರ ಎಳೆ ಹೀಗಿದೆ. ನಾನು ನಿಮಗೆ 5, 8 ಎಂಬ ಎರಡು ಸಂಖ್ಯೆ ಕಳಿಸಬೇಕು. ಎರಡರ ನಡುವೆ 3ರ ಅಂತರ. ಅದೇ ಅಂತರದಲ್ಲಿ ಮುಂದುವರಿಸಿ ಇನ್ನೆರಡು ಸೇರಿಸುತ್ತೇನೆ: 5, 8, 11, 14. ದಾರಿಯಲ್ಲಿ ಮಸಿ ಬಿದ್ದು ನಿಮಗೆ 5, 8, 17, 14 ಅಂತ ಕಂಡಿತು ಅನ್ನಿ. ಮೂರು ಸಂಖ್ಯೆಗಳು ಒಂದೇ ನಡಿಗೆಯಲ್ಲಿವೆ, 17 ಮಾತ್ರ ಸಾಲು ತಪ್ಪಿದೆ. ತಪ್ಪು ಎಲ್ಲಿದೆ ಅನ್ನುವುದೂ ಗೊತ್ತಾಯಿತು, ಅಲ್ಲಿ 11 ಇರಬೇಕಿತ್ತು ಅನ್ನುವುದೂ ಗೊತ್ತಾಯಿತು. ಒಂದು ತಪ್ಪು ತಿದ್ದಲು ಎರಡು ಹೆಚ್ಚುವರಿ ಸಂಖ್ಯೆ ಬೇಕಾದವು. ಜಾಗ ಹುಡುಕಲು ಒಂದು, ಬೆಲೆ ತಿಳಿಯಲು ಇನ್ನೊಂದು. ಎರಡು ಸಂಖ್ಯೆ ತಪ್ಪಾದರೆ ಈ ಲೆಕ್ಕ ಕೈಚೆಲ್ಲುತ್ತದೆ.

ಕೋಡಿನಲ್ಲಿ ಗಣಿತ ಇನ್ನೂ ಬಿಗಿಯಾದದ್ದು, ಆದರೆ ನಿಯಮ ಇದೇ. ಒಂದು ತಪ್ಪಿಗೆ ಎರಡು ಹೆಚ್ಚುವರಿ.

ಈಗ ಅಕ್ಕನ ಕೋಡಿಗೆ ಬರೋಣ. ಒಳಗಿದ್ದ ಸಾಲು ಹೆಚ್ಚುಕಡಿಮೆ ಹೀಗೆ (ಹೆಸರು, ಐಡಿ ಬದಲಿಸಿದ್ದೇನೆ):

```
upi://pay?pa=akkatindi@bank&pn=Akka%20Tindi&cu=INR
```

ಎಣಿಸಿದರೆ 50 ಅಕ್ಷರ. ತಿದ್ದುವ ಶಕ್ತಿಯಲ್ಲಿ ನಾಲ್ಕು ಮಟ್ಟಗಳಿವೆ: L, M, Q, H. ಸುಮಾರಾಗಿ 7, 15, 25, 30 ಶೇಕಡಾ ಹಾನಿಯನ್ನು ತಡೆಯುತ್ತವೆ. ಅಕ್ಕನದು M ಮಟ್ಟದ್ದು. ಈ ಮಟ್ಟದಲ್ಲಿ 50 ಅಕ್ಷರ ಹಿಡಿಸಲು ಅಡ್ಡಕ್ಕೆ 33, ಉದ್ದಕ್ಕೆ 33 ಮನೆಗಳ ಕೋಡು ಬೇಕು. ಅದರಲ್ಲಿ ಎಂಟೆಂಟು ಮನೆಗಳ 100 ಕಟ್ಟುಗಳಿವೆ. 64 ಕಟ್ಟು ಮಾಹಿತಿಗೆ, 36 ಕಟ್ಟು ತಿದ್ದುವುದಕ್ಕೆ. ಕಟ್ಟೊಳಗಿನ ಒಂದು ಮನೆ ತಪ್ಪಿದರೂ ಎಂಟೂ ತಪ್ಪಿದರೂ ಅದು ಒಂದೇ ತಪ್ಪು. ಒಂದೇ ಕಡೆ ಬಿದ್ದ ಕಲೆಯನ್ನು ಕೋಡು ಸುಲಭವಾಗಿ ತಡೆದುಕೊಳ್ಳಲು ಇದೂ ಒಂದು ಕಾರಣ.

ಈ ನೂರು ಕಟ್ಟುಗಳು ಎರಡು ತಂಡಗಳಾಗಿರುತ್ತವೆ. ಪ್ರತಿ ತಂಡಕ್ಕೆ 50, ಅದರಲ್ಲಿ ತಿದ್ದುವವು 18. ಒಂದು ತಪ್ಪಿಗೆ ಎರಡು ಅಂದರೆ ಪ್ರತಿ ತಂಡ 9 ತಪ್ಪು ತಿದ್ದಬಲ್ಲದು. ಜಾಣತನ ಇರುವುದು ಜೋಡಣೆಯಲ್ಲಿ. ಒಂದು ತಂಡವನ್ನು ಪೂರ್ತಿ ಬರೆದು ಆಮೇಲೆ ಇನ್ನೊಂದನ್ನು ಬರೆಯುವುದಿಲ್ಲ. ಮೊದಲ ತಂಡದ್ದೊಂದು, ಎರಡನೆಯದರದ್ದೊಂದು ಅಂತ ಜಡೆ ಹೆಣೆದ ಹಾಗೆ ಇಡುತ್ತಾರೆ. ಸಾಲಾಗಿ 16 ಕಟ್ಟು ಹಾಳಾದರೆ ಒಂದೊಂದು ತಂಡಕ್ಕೆ 8 ತಪ್ಪು ಬೀಳುತ್ತದೆ, ಎರಡೂ ಬಚಾವ್. ಹೆಣೆಯದೆ ಇಟ್ಟಿದ್ದರೆ ಹದಿನಾರೂ ಒಂದೇ ತಂಡದ ತಲೆಗೆ ಬಂದು ಕಥೆ ಅಲ್ಲೇ ಮುಗಿಯುತ್ತಿತ್ತು.

## ಒಂದು ಫೋನಿನಲ್ಲಿ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ

ಮಾರುವವರು ಬಹಳ ಸಲ ಗಿರಾಕಿಯ ಫೋನನ್ನೇ ದೂರುತ್ತಾರೆ. ಎಲ್ಲ ಕೋಡುಗಳ ಮುಂದೆಯೂ ಆ ಫೋನ್ ಒದ್ದಾಡುತ್ತಿದ್ದರೆ ಹೌದು, ಫೋನಿನದ್ದೇ ತಪ್ಪು. ನಿಮ್ಮ ಕೋಡಿನ ಮುಂದೆ ಮಾತ್ರ ಒದ್ದಾಡುತ್ತಿದ್ದರೆ ನಿಮಗೆ ಎಚ್ಚರಿಕೆ ಬಂದಿದೆ ಅಂತಲೇ ತಿಳಿಯಿರಿ.

ತಪ್ಪುಗಳ ಗಂಟಿನಲ್ಲಿ ಗೀರು ಮಾತ್ರ ಇರುವುದಿಲ್ಲ. ಮಸುಕಾದ ಕ್ಯಾಮೆರಾ, ಮಂದ ಬೆಳಕು, ನಡುಗುವ ಕೈ, ಎಲ್ಲವೂ ಒಂದೆರಡು ಕಟ್ಟು ತಪ್ಪು ಸೇರಿಸುತ್ತವೆ. ಗೀರಿನಿಂದಲೇ ತಂಡಕ್ಕೆ 8 ಖರ್ಚಾಗಿದ್ದರೆ ಹಳೆಯ ಫೋನಿಗೆ ಉಳಿದದ್ದು ಒಂದೇ ಒಂದು. ಒಳ್ಳೆಯ ಕ್ಯಾಮೆರಾಕ್ಕೆ ಅದು ಸಾಕು, ಹಳೆಯದಕ್ಕೆ ಸಾಲದು.

9 ತಪ್ಪಿನವರೆಗೆ ಕೋಡು ಹೊಸದರ ಹಾಗೆಯೇ ಓದುತ್ತದೆ, ಹತ್ತನೆಯದಕ್ಕೆ ಪೂರ್ತಿ ಮೌನ. ಅರ್ಧ ಹೆಸರು ಬರುವುದು, ಒಂದು ಅಕ್ಷರ ತಪ್ಪಿ ಬರುವುದು, ಇಂಥ ನಡುಸ್ಥಿತಿ ಇಲ್ಲ. ಅದಕ್ಕೇ ಹಳೆಯ ಫೋನಿನ ಒದ್ದಾಟ ಒಂದೇ ನಿಮಗೆ ಸಿಗುವ ಮುನ್ಸೂಚನೆ. ಅಕ್ಕನನ್ನು ಕೇಳಿದಾಗ, "ಹೌದಣ್ಣ, ಸಾಯಂಕಾಲ ಬರೋ ಹುಡುಗರು ಎರಡು ಮೂರು ಸಲ ಹಿಡೀತಿದ್ರು" ಅಂದರು. ಸಾಯಂಕಾಲ, ಮಂದ ಬೆಳಕು.

ನಡುವೆ ಲೋಗೊ ಇರುವ ಕೋಡುಗಳಿಗೆ ಈ ಎಚ್ಚರಿಕೆ ಇನ್ನೂ ಬೇಗ ಬರುತ್ತದೆ. ಆ ಲೋಗೊ ಕೂತಿರುವುದೂ ಇದೇ ಉಳಿತಾಯದ ಮೇಲೆ, ಅದು ಬೇಕಂತಲೇ ಹಾಕಿದ ಕಲೆ. 33 ಮನೆಯ ಕೋಡಿನಲ್ಲಿ 7 ಮನೆ ಅಗಲ, 7 ಮನೆ ಎತ್ತರದ ಲೋಗೊ 8ರಿಂದ 12 ಕಟ್ಟುಗಳನ್ನು ಮುಟ್ಟುತ್ತದೆ. ಎರಡೂ ತಂಡ ಸೇರಿ ತಿದ್ದಬಲ್ಲ 18 ತಪ್ಪುಗಳಲ್ಲಿ ಸುಮಾರು ಅರ್ಧ ಅಂಗಡಿಗೆ ಬರುವ ಮೊದಲೇ ಖರ್ಚು.

ನಿಮ್ಮ ಕೋಡು ಯಾವ ಮಟ್ಟದ್ದು ಅಂತ ಬರಿಗಣ್ಣಲ್ಲೇ ನೋಡಬಹುದು. ಎಡ ಮೇಲ್ಮೂಲೆಯ ದೊಡ್ಡ ಚೌಕದ ಕೆಳಗೆ ಒಂದು ಬಿಳಿ ಸಾಲು, ಅದರ ಕೆಳಗಿನ ಸಾಲಿನಲ್ಲಿ ಎಡ ತುದಿಯ ಮೊದಲ ಎರಡು ಮನೆ ನೋಡಿ. ಎರಡೂ ಕಪ್ಪಾದರೆ L. ಕಪ್ಪು, ಬಿಳಿ ಆದರೆ M. ಬಿಳಿ, ಕಪ್ಪು ಆದರೆ Q. ಎರಡೂ ಬಿಳಿಯಾದರೆ H. ಈ ಸಣ್ಣ ಮಾಹಿತಿಗೆ ಬೇರೆಯದೇ ತಿದ್ದುವ ಲೆಕ್ಕವಿದೆ, ಜೊತೆಗೆ ಕೋಡಿನಲ್ಲಿ ಇದರ ಎರಡನೇ ಪ್ರತಿಯೂ ಇದೆ. ಹಾಗಾಗಿ ಒಂದು ಕಡೆ ಕೆಟ್ಟರೂ ಗಾಬರಿಯಿಲ್ಲ.

## ಫೋನ್ ಕೋಡನ್ನು ಹಿಡಿಯುತ್ತದೆ, ಆದರೆ ಎಷ್ಟು ಹೊತ್ತಾದರೂ ತೆರೆಯುವುದಿಲ್ಲ

ಕೆಲವು ಆ್ಯಪ್‌ಗಳು ಕೋಡು ಕಂಡ ಕೂಡಲೇ ತಾವಾಗಿಯೇ ಹತ್ತಿರಕ್ಕೆ ಎಳೆದು ತೋರಿಸುತ್ತವೆ. ಹಾಗೆ ಎಳೆದರೂ ಮುಂದಕ್ಕೆ ಹೋಗದಿದ್ದರೆ ಮೂಲೆಗಳು ಸರಿ ಇವೆ, ಒಡಲು ಕೆಟ್ಟಿದೆ ಅಂತ ಅರ್ಥ. ಅಕ್ಕನ ಕೋಡು ನನ್ನ ಮೇಜಿನ ಮೇಲೆ ಮಾಡಿದ್ದು ಇದನ್ನೇ.

ಮೊದಲು ಕೋಡು ಸಪಾಟಾಗಿದೆಯೇ ನೋಡಿ. ಕಂಬಕ್ಕೆ ಸುತ್ತಿ ಅಂಟಿಸಿದ್ದರೆ ಅಥವಾ ಬಿಸಿಗೆ ಉಬ್ಬಿದ್ದರೆ, ಫೋನ್ ನಡುಭಾಗ ಅಂತ ನೋಡುವ ಜಾಗವೇ ಪಕ್ಕದ ಮನೆಗೆ ಸರಿಯುತ್ತದೆ. ಆಗ ತಪ್ಪುಗಳು ಒಂದು ಕಡೆಗಲ್ಲ, ಕೋಡಿನ ತುಂಬ ಬೀಳುತ್ತವೆ. ಕೈಯಿಂದ ಒತ್ತಿ ಹಿಡಿದಾಗ ಓದಿದರೆ ಕಾರಣ ಸಿಕ್ಕಿತು.

ಆಮೇಲೆ ಸ್ಕೇಲು ಹಿಡಿಯಿರಿ. ಅಕ್ಕನ ಕೋಡಿನ ಒಂದು ಬದಿ 99 ಮಿಲಿಮೀಟರ್. 33 ಮನೆಗೆ ಹಂಚಿದರೆ ಮನೆಗೆ 3 ಮಿಲಿಮೀಟರ್. ಕಟ್ಟುಗಳು ಹೆಚ್ಚಾಗಿ ಎರಡು ಮನೆ ಅಗಲ, ನಾಲ್ಕು ಮನೆ ಎತ್ತರ ಇರುತ್ತವೆ, ಅಂದರೆ 6 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ಎತ್ತರ.

ನಾರಿನಲ್ಲಿ ಉಜ್ಜಿ ಕಿತ್ತುಹೋಗಿದ್ದ ಜಾಗ 2 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಎತ್ತರ. ಅದು ಅಡ್ಡಕ್ಕೆ 4 ಕಟ್ಟು, ಉದ್ದಕ್ಕೆ 3ರಿಂದ 4 ಕಟ್ಟು ಮುಟ್ಟುತ್ತದೆ. ಒಟ್ಟು 12ರಿಂದ 16. ಎರಡು ತಂಡಗಳಿಗೆ ಹಂಚಿದರೆ 6ರಿಂದ 8. ಒಂಬತ್ತರೊಳಗೇ ಇದೆ, ಅದಕ್ಕೇ ಎರಡು ತಿಂಗಳು ನಡೆಯಿತು. ಈಗ ಅದೇ ಗಾಯದ ಅಂಚು ಕಾವಲಿಯ ಬಿಸಿಗೆ ಸುರುಳಿಯಾಗಿ, ಅಗಲಕ್ಕೂ ಎತ್ತರಕ್ಕೂ ಒಂದೊಂದು ಸೆಂಟಿಮೀಟರ್ ಹೆಚ್ಚಾಗಿ ಎದ್ದಿತ್ತು. 3 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಎತ್ತರ ಅಂದರೆ ಅಡ್ಡಕ್ಕೆ 5, ಉದ್ದಕ್ಕೆ 4 ಹಿಡಿದರೂ 20 ಕಟ್ಟು. ತಂಡಕ್ಕೆ 10. ಅಕ್ಕ ಅವತ್ತು ಏನೂ ಮುಟ್ಟಿರಲಿಲ್ಲ ಅನ್ನುವುದು ನಿಜವೇ. ಸ್ಟಿಕ್ಕರ್ ತಾನೇ ಇನ್ನೊಂದು ಚೂರು ಎದ್ದಿತ್ತು, ಅಷ್ಟೇ.

ಎದ್ದ ಅಂಚನ್ನು ಬೆರಳಿನಿಂದ ಅದರ ಜಾಗಕ್ಕೇ ಒತ್ತಿ ಕೂರಿಸಿದೆ. ಎರಡನೇ ಪ್ರಯತ್ನಕ್ಕೆ ಓದಿತು. ಅವತ್ತಿನ ವ್ಯಾಪಾರ ನಡೆಸಲು ಸಾಕು, ಅದಕ್ಕಿಂತ ಹೆಚ್ಚು ನೆಚ್ಚಬಾರದು.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಸ್ಕೆಚ್ ಪೆನ್ ಹಿಡಿಯುವುದು. ಬಿಳಿಯಾದ ಜಾಗಕ್ಕೆಲ್ಲ ಕಪ್ಪು ತುಂಬಿದರೆ, ಮೊದಲು ಬಿಳಿಯೇ ಇದ್ದು ಸರಿಯಾಗಿ ಓದುತ್ತಿದ್ದ ಮನೆಗಳೂ ಕೆಡುತ್ತವೆ. ಎಲ್ಲಿ ಕಪ್ಪಿತ್ತು ಅನ್ನುವ ಹಳೆಯ ಫೋಟೊ ಕೈಯಲ್ಲಿಲ್ಲದಿದ್ದರೆ ಪೆನ್ನು ಮುಟ್ಟಬೇಡಿ. ಹಳೆಯ ಫೋಟೊ ಇದ್ದರೆ ಪೆನ್ನೇ ಬೇಡ, ಅದನ್ನೇ ತೋರಿಸಿ ಸ್ಕ್ಯಾನ್ ಮಾಡಿಸಬಹುದು.

## ಸ್ಕ್ಯಾನ್ ಆಗುತ್ತದೆ, ಹಣ ಹೋಗುವುದಿಲ್ಲ. ಅಥವಾ ಬೇರೆ ಹೆಸರು ಬರುತ್ತದೆ

ಹೆಸರು ಸರಿಯಾಗಿ ಬಂದು ಆಮೇಲೆ ಪಾವತಿ ನಿಂತರೆ ಕೋಡಿನ ಕೆಲಸ ಮುಗಿದಿದೆ. ಸ್ಟಿಕ್ಕರ್ ಉಜ್ಜುವುದನ್ನು ಬಿಟ್ಟು ನೆಟ್‌ವರ್ಕ್, ಖಾತೆ, ಬ್ಯಾಂಕಿನ ಕಡೆ ನೋಡಿ.

ಬೇರೆ ಹೆಸರು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ. "ಗೀರು ಬಿದ್ದು ಬೇರೆಯವರ ಖಾತೆಗೆ ಹೋಗ್ತಿದೆಯೇನೋ" ಅಂತ ಕೆಲವರು ಕೇಳುತ್ತಾರೆ. ಗೀರು ಹಾಗೆ ಮಾಡುವುದಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ತಪ್ಪು ಮಿತಿ ಮೀರಿದಾಗ ಲೆಕ್ಕ ಕೂಡದೆ ಫೋನ್ ಸುಮ್ಮನಾಗುತ್ತದೆ. ತೀರ ಅಪರೂಪಕ್ಕೆ ತಪ್ಪಾಗಿ ಲೆಕ್ಕ ಕೂಡಿದರೂ ಬರುವುದು ಅರ್ಥವಿಲ್ಲದ ಅಕ್ಷರಗಳ ರಾಶಿ, ಇನ್ನೊಬ್ಬರ ಸರಿಯಾದ ಯುಪಿಐ ಐಡಿ ಅಲ್ಲ. ಹಾಗಾಗಿ ಬೇರೆ ಹೆಸರು ಬಂದರೆ ಯಾರೋ ನಿಮ್ಮ ಕೋಡಿನ ಮೇಲೆ ತಮ್ಮದನ್ನು ಅಂಟಿಸಿದ್ದಾರೋ ಎಂದು ಮೊದಲು ನೋಡಬೇಕು. ಅಂಚಿನಲ್ಲಿ ಉಗುರು ಹಾಕಿ ಎರಡು ಪದರ ಇದೆಯೇ ಪರೀಕ್ಷಿಸಿ. ತಪ್ಪು ತಿದ್ದುವ ಲೆಕ್ಕ ಇದನ್ನು ಹಿಡಿಯಲಾರದು, ಮೇಲಿನ ಕೋಡಿನಲ್ಲಿ ತಪ್ಪೇ ಇಲ್ಲವಲ್ಲ.

ಎರಡು ಪದರ ಸಿಕ್ಕರೆ ಕಿತ್ತು ಎಸೆಯುವ ಮೊದಲು ಫೋಟೊ ತೆಗೆಯಿರಿ, ನಿಮ್ಮ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಿ ದೂರು ಕೊಡಿ. "ಕೋಡ್ ಸರಿ ಮಾಡ್ತೀವಿ, ಪಿನ್ ಹಾಕಿ" ಅನ್ನುವವರು ಬಂದರೆ ಹಾಕಬೇಡಿ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ.

## ಹೊಸದು ಹಾಕುವಾಗ

ಹಾಳಾದ ಸ್ಟಿಕ್ಕರಿನ ಜೆರಾಕ್ಸ್ ಮಾಡಿಸಬೇಡಿ. ಗಾಯವೂ ಜೆರಾಕ್ಸ್ ಆಗುತ್ತದೆ, ಖರ್ಚಾದ ಉಳಿತಾಯ ವಾಪಸ್ ಬರುವುದಿಲ್ಲ. ನಿಮ್ಮ ಪೇಮೆಂಟ್ ಆ್ಯಪ್‌ನಿಂದಲೇ ಕೋಡನ್ನು ಮತ್ತೆ ಇಳಿಸಿಕೊಂಡು ಅದರಿಂದ ಪ್ರಿಂಟ್ ತೆಗೆಯಿರಿ.

ಮಟ್ಟ ಏರಿಸಿದರೆ ಯಾವಾಗಲೂ ಒಳ್ಳೆಯದು ಅಂತೇನಿಲ್ಲ. ಅದೇ 50 ಅಕ್ಷರವನ್ನು Q ಮಟ್ಟದಲ್ಲಿ ಹಾಕಿದರೆ 37 ಮನೆ ಬೇಕು, H ಮಟ್ಟದಲ್ಲಿ 41. ಸ್ಟಿಕ್ಕರ್ ಅಷ್ಟೇ ದೊಡ್ಡದಿದ್ದರೆ H ಮಟ್ಟದ ಮನೆ 2.4 ಮಿಲಿಮೀಟರಿಗೆ ಇಳಿಯುತ್ತದೆ. ದೂರದಿಂದ ಹಿಡಿಯುವ ಹಳೆಯ ಫೋನಿಗೆ ಅದೇ ತೊಂದರೆ. ಒಲೆಯ ಪಕ್ಕ, ಎಣ್ಣೆ ಸಿಡಿಯುವ ಕಡೆ ನಾನು Q ಹಾಕಿ ಸ್ಟಿಕ್ಕರನ್ನೂ ಸ್ವಲ್ಪ ದೊಡ್ಡದು ಮಾಡುತ್ತೇನೆ. ಪುಸ್ತಕದಂಗಡಿಯಂಥ ಕಡೆ M ಸಾಕು.

ಬಿಳಿ ಮೇಲೆ ಕಪ್ಪು, ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಶನ್, ಸುತ್ತಲೂ ನಾಲ್ಕು ಮನೆಯಷ್ಟು ಖಾಲಿ ಬಿಳಿ ಅಂಚು. ಅಕ್ಕನಿಗೆ ಹೀಗೇ ಮಾಡಿಕೊಟ್ಟೆ, ಲೋಗೊ ಬೇಡ ಅಂದೆ. ಗಾಡಿಯ ಎಡಗಡೆ, ಕಾವಲಿಯಿಂದ ಎರಡು ಮೊಳ ದೂರ ಅಂಟಿಸಿ, ಸಾಯಂಕಾಲ ಕತ್ತಲಾದ ಮೇಲೆ ನನ್ನ ಅಂಗಡಿಯ ಅತಿ ಹಳೆಯ ಫೋನಿನಲ್ಲಿ ಹಿಡಿದು ನೋಡಿದೆ. ಒಂದೇ ಸಲಕ್ಕೆ ಬಂತು. ಪರೀಕ್ಷೆಗೆ ಅಂತ ಕಳಿಸಿದ ಒಂದು ರೂಪಾಯಿಯನ್ನು ಅಕ್ಕ ಕಾಫಿ ಲೆಕ್ಕಕ್ಕೆ ಹಿಡಿದುಕೊಂಡರು.